ಬಾಸುಂದಿಯ ಬಣ್ಣ, ಕ್ಯಾರಮೆಲ್‌ನ ಬಣ್ಣ: ಐದು ಅಂಕದ ಉತ್ತರದಲ್ಲಿ ಏನಿರಬೇಕು?

ಪ್ರಶ್ನೆ: ಮೇಡಂ, ನಮ್ಮ ಮನೆ ಡೊಂಬಿವಲಿಯಲ್ಲಿ. ಮುಂಬಯಿಯ ಕಾಲೇಜೊಂದರಲ್ಲಿ ಫುಡ್ ಸೈನ್ಸ್ ಎರಡನೇ ವರ್ಷ ಓದುತ್ತಿದ್ದೇನೆ. ಮೈಲಾರ್ಡ್ ರಿಯಾಕ್ಷನ್‌ಗೂ ಕ್ಯಾರಮಲೈಸೇಶನ್‌ಗೂ ಇರುವ ವ್ಯತ್ಯಾಸ ಬರೆಯಿರಿ ಅಂತ 5 ಅಂಕಕ್ಕೆ ಕೇಳಿದ್ದರು. ನಾನು ಹೀಗೆ ಬರೆದೆ: “ಮೈಲಾರ್ಡ್ 140 ಡಿಗ್ರಿಯಲ್ಲಿ ಆಗುತ್ತದೆ, ಕ್ಯಾರಮಲೈಸೇಶನ್ 170ರಲ್ಲಿ. ಮೈಲಾರ್ಡ್‌ನಿಂದ ಬ್ರೆಡ್ ಕಂದಾಗುತ್ತದೆ, ಕ್ಯಾರಮಲೈಸೇಶನ್‌ನಿಂದ ಬಾಸುಂದಿ, ಈರುಳ್ಳಿ ಕಂದಾಗುತ್ತವೆ. ಮೈಲಾರ್ಡ್‌ನಲ್ಲಿ ಮೆಲನಾಯ್ಡಿನ್ ಬರುತ್ತದೆ, ಕ್ಯಾರಮಲೈಸೇಶನ್‌ನಲ್ಲಿ ಎಚ್‌ಎಂಎಫ್.” ಬಂದದ್ದು 2. ಎಲ್ಲಿ ತಪ್ಪಾಯಿತು?

ಉತ್ತರ: ಬಾಸುಂದಿಯಿಂದಲೇ ಶುರು ಮಾಡೋಣ. ನಿಮ್ಮ ಅಂಕ ಹೆಚ್ಚಾಗಿ ಹೋಗಿರುವುದು ಅಲ್ಲೇ.

ಮನೆಯಲ್ಲಿ ಬಾಸುಂದಿ ಮಾಡುವುದನ್ನು ನೋಡಿರುತ್ತೀರಿ ಅಲ್ವಾ? ಎರಡು ಲೀಟರ್ ಎಮ್ಮೆ ಹಾಲು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕೂರುತ್ತದೆ. ಕೆನೆ ಕಟ್ಟಿದ ಹಾಗೆ ಅದನ್ನು ಪಾತ್ರೆಯ ಅಂಚಿಗೆ ಸರಿಸುತ್ತಾ ಹೋಗುತ್ತಾರೆ. ಒಂದೂವರೆ ಗಂಟೆ ಹೊತ್ತಿಗೆ ಹಾಲು ಅರ್ಧಕ್ಕಿಂತ ಕಡಿಮೆಯಾಗಿ, ಬಿಳಿ ಬಣ್ಣ ಹೋಗಿ, ತಿಳಿ ಗುಲಾಬಿ ಬೆರೆತ ಕೆನೆ ಬಣ್ಣಕ್ಕೆ ತಿರುಗಿರುತ್ತದೆ. ಸಕ್ಕರೆ ಬೀಳುವುದು ಆಮೇಲೆ, ಕೊನೆಯಲ್ಲಿ. ಅಂದರೆ ಬಣ್ಣ ಬಂದಾಗ ನೀವು ಹಾಕುವ ಸಕ್ಕರೆ ಪಾತ್ರೆಯಲ್ಲಿ ಇರಲೇ ಇಲ್ಲ. ಇನ್ನೊಂದು ವಿಷಯ. ಹಾಲಿನಲ್ಲಿ ನೀರು ಇರುವವರೆಗೂ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಟ್ಟಿಯಾದ ಹಾಗೆ ಒಂದೆರಡು ಡಿಗ್ರಿ ಏರಬಹುದು, ಅಷ್ಟೇ. ಆ ಬಿಸಿಗೆ ಯಾವ ಸಕ್ಕರೆಯೂ ಕ್ಯಾರಮೆಲ್ ಆಗುವುದಿಲ್ಲ.

ಹಾಗಾದರೆ ಬಣ್ಣ ಎಲ್ಲಿಂದ ಬಂತು? ಹಾಲಿನಲ್ಲೇ ಸುಮಾರು ಶೇಕಡಾ 5ರಷ್ಟು ಲ್ಯಾಕ್ಟೋಸ್ ಇದೆ. ಅದೂ ಸಕ್ಕರೆಯೇ. ಜೊತೆಗೆ ಕೇಸೀನ್ ಎಂಬ ಪ್ರೋಟೀನ್ ಇದೆ. ಇವೆರಡೂ ಬಿಸಿಯಲ್ಲಿ ಸೇರಿದಾಗ ಬರುವ ಬಣ್ಣ ಅದು. ಅದು ಮೈಲಾರ್ಡ್. ಬಾಸುಂದಿಯನ್ನು ನೀವು ತಪ್ಪು ಕಡೆ ಕೂರಿಸಿದ್ದೀರಿ. ನಿಮ್ಮ ಉತ್ತರದ ಮೊದಲ ಸಾಲೇ ಇದಕ್ಕೆ ಕಾರಣ. 140, 170 ಅಂತ ಎರಡು ಸಂಖ್ಯೆ ಇಟ್ಟುಕೊಂಡು ಇಡೀ ವ್ಯತ್ಯಾಸವನ್ನು ಅವುಗಳ ಮೇಲೆ ಕಟ್ಟಿದ್ದೀರಿ. ಬಿಸಿ ಎಷ್ಟು ಅನ್ನುವುದು ಎರಡನೇ ಮಾತು. ಪಾತ್ರೆಯಲ್ಲಿ ಯಾರ್ಯಾರು ಇದ್ದಾರೆ ಅನ್ನುವುದು ಮೊದಲ ಮಾತು.

ಕ್ಯಾರಮಲೈಸೇಶನ್‌ಗೆ ಸಕ್ಕರೆ ಒಂದೇ ಸಾಕು. ಮೈಲಾರ್ಡ್‌ಗೆ ಸಕ್ಕರೆಯ ಜೊತೆ ಅಮೈನೋ ಗುಂಪು ಬೇಕೇ ಬೇಕು. ಅದು ಬಿಡಿ ಅಮೈನೋ ಆಮ್ಲದ್ದು ಇರಬಹುದು, ಪ್ರೋಟೀನಿನಲ್ಲಿರುವ ಲೈಸೀನ್‌ನದ್ದು ಇರಬಹುದು. ಅಮೈನೋ ಅಂದರೆ ನೈಟ್ರೋಜನ್. ಹಾಗಾಗಿ ನಾನು ಪಾಠ ಮಾಡುತ್ತಿದ್ದಾಗ ಮಕ್ಕಳಿಗೆ ಹೇಳುತ್ತಿದ್ದದ್ದು ಒಂದೇ: N ಎಲ್ಲಿದೆ ಅಂತ ಹುಡುಕಿ. ಕೆಳಗೆ ಎರಡೂ ಕ್ರಿಯೆಗಳ ಮೊದಲ ಹೆಜ್ಜೆಗಳನ್ನು ಬರೆದಿದ್ದೇನೆ, ನೋಡಿ.

```
C6H12O6 + C2H5NO2 → C8H15NO7 + H2O
2 C12H22O11 → C24H36O18 + 4 H2O
```

ಮೊದಲನೆಯದು ಮೈಲಾರ್ಡ್. ಗ್ಲೂಕೋಸ್ ಮತ್ತು ಗ್ಲೈಸೀನ್ ಸೇರಿ ಒಂದು ನೀರು ಬಿಟ್ಟಿವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಲಾರ್ಡ್ ಸಕ್ಕರೆಯನ್ನೂ ಅಮೈನೋ ಆಮ್ಲವನ್ನೂ ಒಟ್ಟಿಗೆ ಬಿಸಿ ಮಾಡಿ ಕಂದು ಬಣ್ಣ ಬಂದದ್ದನ್ನು ವರದಿ ಮಾಡಿದ. ಆ ಕೆಲಸದಲ್ಲಿ ಇದೇ ಜೋಡಿಯೂ ಇತ್ತು. ಎರಡನೆಯದು ಕ್ಯಾರಮಲೈಸೇಶನ್. ಎರಡು ಸುಕ್ರೋಸ್ ಸೇರಿ ನಾಲ್ಕು ನೀರು ಬಿಟ್ಟು, ಕ್ಯಾರಮೆಲಾನ್ ಅಂತ ಕರೆಯುವ ವಸ್ತುವಾಗಿದೆ. ಮೊದಲ ಸಾಲಿನಲ್ಲಿ ಎಡಕ್ಕೂ ಬಲಕ್ಕೂ N ಇದೆ. ಎರಡನೆಯದರಲ್ಲಿ ಎಲ್ಲೂ ಇಲ್ಲ. ನಿಮ್ಮ ಉತ್ತರ ಹೊರಡಬೇಕಾದದ್ದು ಇಲ್ಲಿಂದ. ಪರಿಸ್ಥಿತಿ, ಉತ್ಪನ್ನ ಎಲ್ಲವೂ ಈ ಒಂದು ಅಕ್ಷರದ ಬೆನ್ನಿಗೆ ಬರುತ್ತವೆ.

ಕುಕ್ಕರಿನಲ್ಲಿ ಮೂರು ಡಬ್ಬಿ

ಇದನ್ನು ಬಾಯಿಪಾಠ ಮಾಡುವ ಬದಲು ಒಂದು ಭಾನುವಾರ ಮನೆಯಲ್ಲೇ ನೋಡಿಬಿಡಿ. ಮೂರು ಸಣ್ಣ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಕಂಡೆನ್ಸ್‌ಡ್ ಮಿಲ್ಕ್ ನಾಲ್ಕು ಚಮಚ. ಎರಡನೆಯದಕ್ಕೂ ಅಷ್ಟೇ ಹಾಕಿ, ಒಂದು ಸಣ್ಣ ಚಿಟಿಕೆ ಅಡುಗೆ ಸೋಡಾ ಕಲಸಿ. ಮೂರನೆಯದಕ್ಕೆ ಎರಡು ಚಮಚ ಸಕ್ಕರೆ, ಎರಡು ಚಮಚ ನೀರು. ಡಬ್ಬಿ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಸೋಡಾ ಹಾಕಿದ್ದು ಉಕ್ಕುತ್ತದೆ. ಮುಚ್ಚಳ ಸಡಿಲವಾಗಿ ಇಟ್ಟು ಮೂರನ್ನೂ ಕುಕ್ಕರಿನಲ್ಲಿ ಒಟ್ಟಿಗೆ ಇಡಿ. ತಳದಲ್ಲಿ ನೀರು ಸಾಕಷ್ಟು ಇರಲಿ. ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ 40 ನಿಮಿಷ. ಪ್ರೆಶರ್ ತಾನಾಗಿ ಇಳಿಯುವವರೆಗೆ ಕಾಯಿರಿ. ಒಂದು ಎಚ್ಚರಿಕೆ: ಸೀಲು ಒಡೆಯದ ಕಂಡೆನ್ಸ್‌ಡ್ ಮಿಲ್ಕ್ ಟಿನ್ನನ್ನು ಹಾಗೇ ಕುಕ್ಕರಿಗೆ ಹಾಕಬೇಡಿ. ಅದು ಸಿಡಿಯಬಹುದು.

ಮುಚ್ಚಳ ತೆಗೆದಾಗ ಏನು ಕಾಣುತ್ತದೆ? ಮೊದಲ ಡಬ್ಬಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿರುತ್ತದೆ, ದಪ್ಪವಾಗಿರುತ್ತದೆ, ಪೇಡದ ವಾಸನೆ ಬರುತ್ತದೆ. ಸೋಡಾ ಹಾಕಿದ್ದು ಅದಕ್ಕಿಂತ ಗಾಢ ಕಂದು. ಸಕ್ಕರೆ ನೀರು ಮಾತ್ರ ಹೆಚ್ಚು ಕಡಿಮೆ ಇಟ್ಟ ಹಾಗೇ ಇರುತ್ತದೆ, ತಿಳಿ ನೀರಿನಂತೆ. ಮೂರಕ್ಕೂ ಸಿಕ್ಕಿದ್ದು ಒಂದೇ ಬಿಸಿ, ಸುಮಾರು 120 ಡಿಗ್ರಿ. ಒಂದೇ ಹೊತ್ತು. ಸಕ್ಕರೆಯಂತೂ ಮೂರರಲ್ಲೂ ಧಾರಾಳವಾಗಿ ಇತ್ತು. ಇಲ್ಲದೇ ಇದ್ದದ್ದು ಮೂರನೆಯದರಲ್ಲಿ ಪ್ರೋಟೀನ್.

ಈ ಮೂರನೇ ಡಬ್ಬಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಪರೀಕ್ಷೆಯಲ್ಲಿ ಒಳ್ಳೆಯ ಮಕ್ಕಳೂ ಇಲ್ಲಿ ಎಡವುತ್ತಾರೆ. ಮೈಲಾರ್ಡ್‌ಗೆ ಯಾವ ಸಕ್ಕರೆಯಾದರೂ ಆಗುವುದಿಲ್ಲ. ರಿಡ್ಯೂಸಿಂಗ್ ಸಕ್ಕರೆ ಬೇಕು. ಗ್ಲೂಕೋಸ್, ಫ್ರಕ್ಟೋಸ್, ಲ್ಯಾಕ್ಟೋಸ್, ಮಾಲ್ಟೋಸ್ ಇವೆಲ್ಲ ಆ ಗುಂಪಿನವು. ಅವುಗಳಲ್ಲಿ ಕಾರ್ಬೊನಿಲ್ ಎಂಬ ಒಂದು ಕೈ ಖಾಲಿ ಇರುತ್ತದೆ. ಅಮೈನೋ ಗುಂಪು ಬಂದು ಹಿಡಿಯುವುದು ಆ ಕೈಯನ್ನೇ. ನಾವು ದಿನಾ ಬಳಸುವ ಬಿಳಿ ಸಕ್ಕರೆ ಸುಕ್ರೋಸ್. ಅದರಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಪರಸ್ಪರ ಕೈ ಹಿಡಿದುಕೊಂಡೇ ನಿಂತಿವೆ, ಖಾಲಿ ಕೈ ಇಲ್ಲ. ಹುಳಿಯೋ ಬಿಸಿಯೋ ಬಿದ್ದು ಆ ಜೋಡಿ ಬಿಡಿಸಿಕೊಂಡರೆ ಮಾತ್ರ ಸುಕ್ರೋಸ್‌ನಿಂದ ಮೈಲಾರ್ಡ್ ಸಾಧ್ಯ. ಕ್ಯಾರಮಲೈಸೇಶನ್‌ಗೆ ಈ ಕಟ್ಟುಪಾಡಿಲ್ಲ. ಸುಕ್ರೋಸ್ ಕೂಡ ಆಗುತ್ತದೆ. ಸುಮ್ನೆ ‘ಸಕ್ಕರೆ + ಪ್ರೋಟೀನ್’ ಅಂತ ಬರೆಯುವ ಬದಲು ‘ರಿಡ್ಯೂಸಿಂಗ್ ಸಕ್ಕರೆ + ಅಮೈನೋ ಗುಂಪು’ ಅಂತ ಬರೆದವರ ಪೇಪರು ತಿದ್ದುವಾಗ ನನ್ನ ಪೆನ್ನು ತಾನಾಗಿ ಪೂರ್ತಿ ಅಂಕ ಕೊಡುತ್ತಿತ್ತು.

ಸೋಡಾ ಡಬ್ಬಿ ಏಕೆ ಜಾಸ್ತಿ ಕಂದಾಯಿತು? ಹುಳಿ ವಾತಾವರಣದಲ್ಲಿ ಅಮೈನೋ ಗುಂಪು ಒಂದು ಪ್ರೋಟಾನ್ ಎತ್ತಿಕೊಂಡು –NH3+ ಆಗಿರುತ್ತದೆ. ಆಗ ಅದಕ್ಕೆ ಸಕ್ಕರೆಯನ್ನು ಹಿಡಿಯಲು ಆಗುವುದಿಲ್ಲ. ಕ್ಷಾರ ಸೇರಿಸಿದರೆ ಅದು –NH2 ಆಗಿ ಬಿಡುಗಡೆಯಾಗುತ್ತದೆ, ಕೆಲಸ ಬೇಗ ಸಾಗುತ್ತದೆ. ಆದ್ದರಿಂದ ಮೈಲಾರ್ಡ್‌ಗೆ ಕ್ಷಾರ ಹಿತ, ಹುಳಿ ಅಡ್ಡಿ. ಕ್ಯಾರಮಲೈಸೇಶನ್ ಹೀಗಲ್ಲ. ಅದನ್ನು ಹುಳಿಯೂ ಚುರುಕು ಮಾಡುತ್ತದೆ, ಕ್ಷಾರವೂ ಚುರುಕು ಮಾಡುತ್ತದೆ, ತಟಸ್ಥ ಪಿಎಚ್ ಹತ್ತಿರ ಅದು ನಿಧಾನ. ‘ಪರಿಸ್ಥಿತಿ’ ಅನ್ನುವ ಕಡೆ ಪಿಎಚ್ ಬರೆದರೆ ಈ ಎರಡನ್ನೂ ಒಟ್ಟಿಗೆ ಬರೆಯಿರಿ.

ಬಿಸಿಯ ಸಂಖ್ಯೆಗಳನ್ನು ಹೇಗೆ ಬರೆಯಬೇಕು

140 ಅನ್ನುವ ಸಂಖ್ಯೆ ತಪ್ಪಲ್ಲ. ಬ್ರೆಡ್ಡಿನ ಮೇಲ್ಪದರ, ತವಾ ಮೇಲಿನ ದೋಸೆ ಇವೆಲ್ಲ ಬೇಗ ಕಂದಾಗುವುದು ಆ ಬಿಸಿಯ ಮೇಲೇ. ‘ಬೇಗ’ ಅನ್ನುವ ಪದ ನಿಮ್ಮ ಉತ್ತರದಲ್ಲಿ ಇಲ್ಲ, ಅದೇ ಕೊರತೆ. ಮೈಲಾರ್ಡ್‌ಗೆ ಇಂತಿಷ್ಟು ಬಿಸಿ ಮುಟ್ಟಿದರೇ ಶುರು ಅನ್ನುವ ಗೆರೆ ಇಲ್ಲ. ಬಿಸಿ ಕಡಿಮೆಯಾದರೆ ನಿಧಾನವಾಗುತ್ತದೆ, ಅಷ್ಟೇ.

ಇದು ನನಗೆ ಮನಸ್ಸಿಗೆ ಹತ್ತಿದ್ದು ಪುಸ್ತಕದಿಂದಲ್ಲ. ಮಾಟುಂಗಾದ ನಮ್ಮ ಹಳೇ ಮನೆಯಲ್ಲಿ ಒಂದು ಮಳೆಗಾಲ, ಹಾಲಿನ ಪುಡಿಯ ಪ್ಯಾಕೆಟ್ಟನ್ನು ಕತ್ತರಿಸಿ ಬಾಯಿಗೆ ಕ್ಲಿಪ್ ಹಾಕಿ ಕಪಾಟಿನಲ್ಲಿಟ್ಟು ಊರಿಗೆ ಹೋಗಿದ್ದೆ. ಎರಡು ತಿಂಗಳು ಬಿಟ್ಟು ಬಂದು ನೋಡಿದರೆ ಪುಡಿ ಗಂಟು ಕಟ್ಟಿದೆ, ಬಣ್ಣ ಮಾಸಲು ಹಳದಿ, ಮೂಸಿದರೆ ಹಳೇ ಬಿಸ್ಕತ್ತಿನ ವಾಸನೆ. ಯಾರೂ ಒಲೆ ಹಚ್ಚಿರಲಿಲ್ಲ. ಮುಂಬಯಿಯ ಮಳೆಗಾಲದ 30 ಡಿಗ್ರಿ ಸಾಕಾಗಿತ್ತು. ಆಗಿದ್ದೇನು ಅಂದರೆ, ಪುಡಿ ಗಾಳಿಯ ತೇವ ಹೀರಿತು. ಒಣಗಿದ್ದಾಗ ಅಲುಗಾಡದೆ ಕುಳಿತಿದ್ದ ಲ್ಯಾಕ್ಟೋಸ್‌ಗೂ ಪ್ರೋಟೀನ್‌ಗೂ ಓಡಾಡಲು ಅಷ್ಟು ನೀರು ಸಾಕಾಯಿತು. ಮೈಲಾರ್ಡ್ ನಡೆದೇ ಬಿಟ್ಟಿತು.

ನೀರಿನ ಪಾತ್ರವೂ ಇಲ್ಲೇ ಸ್ಪಷ್ಟವಾಗುತ್ತದೆ. ತೀರಾ ಒಣಗಿದ್ದರೆ ಅಣುಗಳು ಒಂದನ್ನೊಂದು ತಲುಪುವುದಿಲ್ಲ. ನೀರು ತುಂಬಾ ಇದ್ದರೆ ಎಲ್ಲ ತೆಳುವಾಗಿ ಹರಡಿಹೋಗುತ್ತವೆ. ಜೊತೆಗೆ ನೀರು ಈ ಕ್ರಿಯೆಯಲ್ಲೇ ಹುಟ್ಟುವ ವಸ್ತು, ಅದು ಮೊದಲೇ ಜಾಸ್ತಿ ಇದ್ದರೆ ಕ್ರಿಯೆ ಮುಂದೆ ಹೋಗಲು ಹಿಂಜರಿಯುತ್ತದೆ. ಹಾಗಾಗಿ ನಡುಮಟ್ಟದ ತೇವ, ವಾಟರ್ ಆಕ್ಟಿವಿಟಿ ಲೆಕ್ಕದಲ್ಲಿ ಸುಮಾರು 0.6ರಿಂದ 0.8, ಮೈಲಾರ್ಡ್‌ಗೆ ಹೆಚ್ಚು ಹೊಂದುತ್ತದೆ. ಕ್ಯಾರಮಲೈಸೇಶನ್‌ನಲ್ಲಿ ನೀರಿನ ಕಥೆ ಸರಳ. ಸಕ್ಕರೆ ಪಾಕದಲ್ಲಿ ನೀರು ಉಳಿದಿರುವವರೆಗೆ ಬಿಸಿ ಬೇಕಾದಷ್ಟು ಏರುವುದೇ ಇಲ್ಲ. ನೀರು ಹಾರಿಹೋದ ಮೇಲೆಯೇ ಬಣ್ಣ.

ಕ್ಯಾರಮಲೈಸೇಶನ್‌ಗೆ 170 ಅಂತ ಒಂದೇ ಸಂಖ್ಯೆ ಬರೆದದ್ದೂ ಅರ್ಧ ಸತ್ಯ. ಸುಕ್ರೋಸ್‌ಗೆ, ಗ್ಲೂಕೋಸ್‌ಗೆ ಸಾಮಾನ್ಯವಾಗಿ ಸುಮಾರು 160 ಅಂತ ಹೇಳುತ್ತಾರೆ. ಫ್ರಕ್ಟೋಸ್‌ಗೆ ಸುಮಾರು 110 ಸಾಕು. ಈಗ ಯೋಚಿಸಿ. ಫ್ರಕ್ಟೋಸ್‌ನ ಕ್ಯಾರಮಲೈಸೇಶನ್ ನಿಮ್ಮ 140ಕ್ಕಿಂತ ಕೆಳಗೇ ಬಂತು. ಬರೀ ಬಿಸಿ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಉತ್ತರದಲ್ಲಿ ‘ಸುಕ್ರೋಸ್‌ಗೆ ಸುಮಾರು 160 ಡಿಗ್ರಿ’ ಅಂತ ಸಕ್ಕರೆಯ ಹೆಸರು ಹೇಳಿ ಸಂಖ್ಯೆ ಬರೆಯಿರಿ. ಹೆಸರಿಲ್ಲದ ಸಂಖ್ಯೆಗೆ ಬೆಲೆ ಇಲ್ಲ.

ಉತ್ಪನ್ನಗಳು: ಎಚ್‌ಎಂಎಫ್ ಎಂಬ ಗುಂಡಿ

ನಿಮ್ಮ ಕೊನೇ ಸಾಲಿಗೆ ಬರೋಣ. ಎಚ್‌ಎಂಎಫ್ ಅಂದರೆ ಹೈಡ್ರಾಕ್ಸಿಮೀಥೈಲ್ ಫರ್ಫುರಾಲ್. ಅದು ಕ್ಯಾರಮಲೈಸೇಶನ್‌ನಲ್ಲಿ ಬರುವುದು ನಿಜ. ಆದರೆ ಮೈಲಾರ್ಡ್‌ನಲ್ಲೂ ಬರುತ್ತದೆ! 1953ರಲ್ಲಿ ಜಾನ್ ಹಾಡ್ಜ್ ಮೈಲಾರ್ಡ್‌ನ ಹೆಜ್ಜೆಗಳನ್ನೆಲ್ಲ ಒಂದು ಚಿತ್ರದಲ್ಲಿ ಜೋಡಿಸಿ ತೋರಿಸಿದ. ಇವತ್ತಿಗೂ ಹೆಚ್ಚಿನ ಪಠ್ಯಪುಸ್ತಕಗಳು ಅದನ್ನೇ ಅನುಸರಿಸುತ್ತವೆ. ಆ ಚಿತ್ರದಲ್ಲೇ ಒಂದು ದಾರಿ ನೇರವಾಗಿ ಎಚ್‌ಎಂಎಫ್‌ಗೆ ಹೋಗುತ್ತದೆ. ಸ್ವಲ್ಪ ಹುಳಿ ಇದ್ದಾಗ ಆ ದಾರಿ ಹೆಚ್ಚು ನಡೆಯುತ್ತದೆ. ಹೀಗಾಗಿ ವ್ಯತ್ಯಾಸದ ಪ್ರಶ್ನೆಯಲ್ಲಿ ಎಚ್‌ಎಂಎಫ್ ಒಂದನ್ನೇ ಒಂದು ಕಡೆ ಬರೆದರೆ ಅದು ವ್ಯತ್ಯಾಸವೇ ಅಲ್ಲ. ಬರೆಯಲೇಬೇಕು ಅಂದರೆ ‘ಎರಡರಲ್ಲೂ ಬರುತ್ತದೆ’ ಅಂತ ಬರೆಯಿರಿ.

ನಿಜವಾಗಿ ಬೇರೆ ಮಾಡುವ ಉತ್ಪನ್ನಗಳನ್ನು ಹುಡುಕಲು ಮತ್ತೆ N ಹಿಡಿದುಕೊಂಡು ಹೋಗಿ. ಮೈಲಾರ್ಡ್‌ನಲ್ಲಿ ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ ಮೊದಲು ಗ್ಲೈಕೋಸೈಲಮೀನ್ ಆಗುತ್ತದೆ. ಅದು ಒಳಗೊಳಗೇ ಮಗ್ಗುಲು ಬದಲಿಸಿ ಅಮಡೋರಿ ಸಂಯುಕ್ತವಾಗುತ್ತದೆ. ಇಲ್ಲಿಯವರೆಗೆ ಬಣ್ಣವೇ ಇರುವುದಿಲ್ಲ. ಬಣ್ಣ ಬರುವುದಕ್ಕೆ ಮೊದಲೇ ಲೈಸೀನ್ ಕೈತಪ್ಪಿರುತ್ತದೆ ಅನ್ನುವುದನ್ನು ನೆನಪಿಡಿ, ಪೋಷಣೆಯ ಪ್ರಶ್ನೆ ಬಂದರೆ ಬೇಕಾಗುತ್ತದೆ. ಆಮೇಲೆ ಅದು ಒಡೆದು ಡೈಕಾರ್ಬೊನಿಲ್‌ಗಳಾಗುತ್ತದೆ. ಇವು ಇನ್ನೊಂದು ಅಮೈನೋ ಆಮ್ಲವನ್ನು ಹಿಡಿದು ಅದರಿಂದ ಒಂದು ಕಾರ್ಬನ್ ಡೈಆಕ್ಸೈಡ್ ಹೊರಡಿಸಿ ಆಲ್ಡಿಹೈಡ್ ಮಾಡುತ್ತವೆ. ಇದೇ ಸ್ಟ್ರೆಕರ್ ವಿಘಟನೆ. ಲ್ಯೂಸೀನ್‌ನಿಂದ ಬರುವ ಆಲ್ಡಿಹೈಡ್‌ಗೆ ಮಾಲ್ಟಿನ ವಾಸನೆ. ಮೆಥಿಯೋನೀನ್‌ನಿಂದ ಬರುವುದಕ್ಕೆ ಬೇಯಿಸಿದ ಆಲೂಗಡ್ಡೆಯ ವಾಸನೆ. ಅಮೈನೋ ಆಮ್ಲ ಬದಲಾದರೆ ವಾಸನೆಯೂ ಬದಲು. ಜೊತೆಗೆ ಪೈರಜೀನ್‌ಗಳು ಹುಟ್ಟುತ್ತವೆ. ಹುರಿದ ಶೇಂಗಾ, ಕಾಫಿ ಬೀಜದ ವಾಸನೆಯಲ್ಲಿ ಇವುಗಳ ಪಾಲು ದೊಡ್ಡದು. ಪೈರಜೀನ್ ಉಂಗುರದಲ್ಲಿ ಎರಡು ನೈಟ್ರೋಜನ್ ಇವೆ. ಬರೀ ಸಕ್ಕರೆಯಿಂದ ಅದು ಹುಟ್ಟಲು ಸಾಧ್ಯವೇ ಇಲ್ಲ. ಕೊನೆಯಲ್ಲಿ ಎಲ್ಲ ಕೂಡಿಕೊಂಡು ನೈಟ್ರೋಜನ್ ಇರುವ ದೊಡ್ಡ ಕಂದು ಅಣುಗಳಾಗುತ್ತವೆ, ಅವೇ ಮೆಲನಾಯ್ಡಿನ್.

ಕ್ಯಾರಮಲೈಸೇಶನ್‌ನಲ್ಲಿ ಏನಾಗುತ್ತದೆ ಅಂತ ನೋಡಲು ಕ್ಯಾರಮೆಲ್ ಕಸ್ಟರ್ಡ್ ಮಾಡುವವರ ಹತ್ತಿರ ನಿಂತುಕೊಳ್ಳಿ. ನಮ್ಮ ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಸಿಗುತ್ತದಲ್ಲ, ಅದೇ. ಒಣ ಪಾತ್ರೆಯಲ್ಲಿ ಬರೀ ಸಕ್ಕರೆ. ಮೊದಲು ಅಂಚು ಕರಗುತ್ತದೆ. ನೀರಿನಂತೆ ತಿಳಿಯಾಗಿರುತ್ತದೆ, ವಾಸನೆ ಇಲ್ಲ. ಆಮೇಲೆ ಜೇನಿನ ಬಣ್ಣ, ಬೆಣ್ಣೆಯಂಥ ಘಮ, ಅದು ಡೈಅಸಿಟೈಲ್‌ನದ್ದು. ಬಣ್ಣ ಕೆಂಪಾದ ಹಾಗೆ ಸುಟ್ಟ ಸಕ್ಕರೆಯ ಘಮ, ಅದರಲ್ಲಿ ಮಾಲ್ಟಾಲ್ ಮತ್ತು ಫ್ಯೂರಾನ್‌ಗಳು ಇರುತ್ತವೆ. ಮೂಗಿಗೆ ಸ್ವಲ್ಪ ಚುರುಗುಟ್ಟಿದರೆ ಅದು ಹುಟ್ಟುತ್ತಿರುವ ಸಣ್ಣ ಆಮ್ಲಗಳಿಂದ. ಇನ್ನೂ ಬಿಟ್ಟರೆ ಹೊಗೆ, ಕಹಿ. ಈ ಉದ್ದಕ್ಕೂ ಸಿಹಿ ಕಡಿಮೆಯಾಗುತ್ತಾ ಹೋಗುತ್ತದೆ, ಏಕೆಂದರೆ ಸಕ್ಕರೆಯೇ ಖರ್ಚಾಗುತ್ತಿದೆ. ‘ಕ್ಯಾರಮಲೈಸೇಶನ್‌ನಿಂದ ಸಿಹಿ ಹೆಚ್ಚುತ್ತದೆ’ ಅಂತ ಬರೆಯುವವರು ಬಹಳ ಮಂದಿ ಇದ್ದಾರೆ. ನೀವು ಬರೆಯಬೇಡಿ.

ಬಣ್ಣದ ವಸ್ತುಗಳು ಇಲ್ಲಿ ಕ್ಯಾರಮೆಲಾನ್, ಕ್ಯಾರಮೆಲೆನ್, ಕ್ಯಾರಮೆಲಿನ್. ಮೂರು ಸುಕ್ರೋಸ್‌ನಿಂದ ಎಂಟು ನೀರು ಹೋದರೆ ಕ್ಯಾರಮೆಲೆನ್, C36H50O25. ಲೆಕ್ಕ ಹಾಕಿ ನೋಡಿ. ಮೂರು ಸುಕ್ರೋಸ್‌ನ ತೂಕ 3 × 342, ಅಂದರೆ 1026. ಎಂಟು ನೀರು 144. ಹೋದದ್ದು ಶೇಕಡಾ 14. ನೂರು ಗ್ರಾಂ ಸಕ್ಕರೆ ಇಟ್ಟರೆ ಈ ಹಂತಕ್ಕೆ ಸುಮಾರು 86 ಗ್ರಾಂ ಉಳಿಯಬೇಕು. ಆದರೆ ಇವು ಒಂದೊಂದೇ ಶುದ್ಧ ಅಣುಗಳ ಹೆಸರು ಅಂತ ತಿಳಿಯಬೇಡಿ. ಹಲವು ಅಣುಗಳ ಮಿಶ್ರಣಕ್ಕೆ ಇಟ್ಟ ಹಳೇ ಹೆಸರುಗಳು ಇವು, ಸೂತ್ರ ಸರಾಸರಿಯದ್ದು. ಪರೀಕ್ಷೆಗೆ ಹೆಸರು ಸಾಕು. ಸೂತ್ರ ಬರೆಯುತ್ತಾ ಹೊತ್ತು ಕಳೆಯಬೇಡಿ.

ಐದು ಅಂಕಕ್ಕೆ ಇಷ್ಟು

ನೀವು ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆದು ತೋರಿಸುತ್ತೇನೆ. ನೋಡಬೇಕಾದದ್ದು ಜೋಡಣೆಯನ್ನು. ಮೈಲಾರ್ಡ್ ಬಗ್ಗೆ ಒಂದು ಪ್ಯಾರಾ, ಕ್ಯಾರಮಲೈಸೇಶನ್ ಬಗ್ಗೆ ಒಂದು ಪ್ಯಾರಾ ಅಂತ ಬರೆದರೆ ಹೋಲಿಸುವ ಕೆಲಸ ತಿದ್ದುವವರ ತಲೆಗೆ ಬೀಳುತ್ತದೆ. ಒಂದೊಂದು ವಾಕ್ಯದಲ್ಲೂ ಒಂದೇ ಅಂಶ, ಎರಡೂ ಕಡೆಯದ್ದು ಇರಲಿ.

> ಎರಡೂ ಕಿಣ್ವಗಳಿಲ್ಲದೆ ನಡೆಯುವ ಕಂದಾಗುವಿಕೆ. ಮೈಲಾರ್ಡ್‌ನಲ್ಲಿ ರಿಡ್ಯೂಸಿಂಗ್ ಸಕ್ಕರೆ ಅಮೈನೋ ಗುಂಪಿನೊಂದಿಗೆ ವರ್ತಿಸುತ್ತದೆ. ಕ್ಯಾರಮಲೈಸೇಶನ್‌ನಲ್ಲಿ ಸಕ್ಕರೆ ಒಂದೇ ಬಿಸಿಗೆ ಒಡೆಯುತ್ತದೆ, ಸುಕ್ರೋಸ್‌ನಂಥ ನಾನ್-ರಿಡ್ಯೂಸಿಂಗ್ ಸಕ್ಕರೆಯೂ ಆಗುತ್ತದೆ. ಮೈಲಾರ್ಡ್ ಸುಮಾರು 140 ಡಿಗ್ರಿಯ ಮೇಲೆ ಬೇಗ ನಡೆಯುತ್ತದೆ, ಕೋಣೆಯ ಬಿಸಿಯಲ್ಲೂ ನಿಧಾನವಾಗಿ ಸಾಗುತ್ತದೆ. ಕ್ಯಾರಮಲೈಸೇಶನ್‌ಗೆ ಹೆಚ್ಚು ಬಿಸಿ ಬೇಕು, ಸುಕ್ರೋಸ್‌ಗೆ ಸುಮಾರು 160, ಫ್ರಕ್ಟೋಸ್‌ಗೆ ಸುಮಾರು 110. ಮೈಲಾರ್ಡ್ ನಡುಮಟ್ಟದ ತೇವದಲ್ಲಿ, ಕ್ಷಾರದಲ್ಲಿ ಚುರುಕು, ಹುಳಿಯಲ್ಲಿ ನಿಧಾನ. ಕ್ಯಾರಮಲೈಸೇಶನ್ ನೀರು ಆವಿಯಾದ ಮೇಲೆ ನಡೆಯುತ್ತದೆ, ಆಮ್ಲ ಕ್ಷಾರ ಎರಡೂ ಚುರುಕು ಮಾಡುತ್ತವೆ. ಮೈಲಾರ್ಡ್ ಅಮಡೋರಿ ಸಂಯುಕ್ತದ ಮೂಲಕ ಸ್ಟ್ರೆಕರ್ ಆಲ್ಡಿಹೈಡ್, ಪೈರಜೀನ್ ಮತ್ತು ನೈಟ್ರೋಜನ್ ಇರುವ ಮೆಲನಾಯ್ಡಿನ್ ಕೊಡುತ್ತದೆ; ಕ್ಯಾರಮಲೈಸೇಶನ್ ನೀರು ಕಳೆದುಕೊಂಡು ನೈಟ್ರೋಜನ್ ಇಲ್ಲದ ಕ್ಯಾರಮೆಲಾನ್, ಕ್ಯಾರಮೆಲೆನ್, ಕ್ಯಾರಮೆಲಿನ್ ಕೊಡುತ್ತದೆ. ಎಚ್‌ಎಂಎಫ್ ಎರಡರಲ್ಲೂ ಬರುತ್ತದೆ. ಉದಾಹರಣೆ: ಬಾಸುಂದಿಯ ಬಣ್ಣ, ಕಸ್ಟರ್ಡ್ ತಳದ ಕ್ಯಾರಮೆಲ್.

ಇದು ಅರ್ಧ ಪುಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾನು ತಿದ್ದುತ್ತಿದ್ದರೆ ವರ್ತಿಸುವ ವಸ್ತುಗಳಿಗೆ 1, ಪರಿಸ್ಥಿತಿಗೆ 2, ಉತ್ಪನ್ನಕ್ಕೆ ಒಂದೂವರೆ, ಉದಾಹರಣೆಗೆ ಅರ್ಧ ಕೊಡುತ್ತಿದ್ದೆ. ಪ್ರಶ್ನೆಗೆ 3 ಅಂಕ ಮಾತ್ರ ಇದ್ದರೆ ಪಿಎಚ್, ತೇವದ ವಾಕ್ಯ ಬಿಡಿ. ವರ್ತಿಸುವ ವಸ್ತು, ಉತ್ಪನ್ನ ಇವೆರಡನ್ನು ಯಾವತ್ತೂ ಬಿಡಬೇಡಿ.

ಉದಾಹರಣೆ ಆರಿಸುವಾಗ ಒಂದು ಕಡೆ ಮಾತ್ರ ಇರುವುದನ್ನು ಆರಿಸಿ. ಈರುಳ್ಳಿ ಅಂಥದ್ದಲ್ಲ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇವೆ, ಅಮೈನೋ ಆಮ್ಲಗಳೂ ಇವೆ, ನೀರಂತೂ ತುಂಬಾ. ಸಣ್ಣ ಉರಿಯಲ್ಲಿ ಬಾಡಿಸುವಾಗ ಹೆಚ್ಚಾಗಿ ನಡೆಯುವುದು ಮೈಲಾರ್ಡ್. ನೀರು ಹೋಗಿ ಎಣ್ಣೆಯಲ್ಲಿ ಕೆಂಪಾಗುವ ಹೊತ್ತಿಗೆ ಸ್ವಲ್ಪ ಕ್ಯಾರಮಲೈಸೇಶನ್ ಸೇರಿಕೊಳ್ಳುತ್ತದೆ. ಚಿಟಿಕೆ ಸೋಡಾ ಹಾಕಿದರೆ ಈರುಳ್ಳಿ ಬೇಗ ಕೆಂಪಾಗುತ್ತದೆ ಅಂತ ಅಡುಗೆಯವರಿಗೆ ಗೊತ್ತು. ಕುಕ್ಕರಿನ ಎರಡನೇ ಡಬ್ಬಿಯಲ್ಲಿ ಕಂಡದ್ದೇ ಇಲ್ಲೂ ನಡೆಯುತ್ತದೆ. ಹೋಟೆಲಿನವರು ಅದನ್ನು ‘ಕ್ಯಾರಮಲೈಸ್ಡ್ ಆನಿಯನ್’ ಅಂತ ಕರೆಯಲಿ, ಬಾಯಿಮಾತಿಗೆ ತೊಂದರೆ ಇಲ್ಲ. ಉತ್ತರ ಪತ್ರಿಕೆಯಲ್ಲಿ ಬೇಡ. ಲೋಣಾವಳಾದ ಸಕ್ಕರೆ ಚಿಕ್ಕಿಯೂ ಮಿಶ್ರವೇ. ಹುರಿದ ಶೇಂಗಾದ ಕಂದು ಮೈಲಾರ್ಡ್, ಅದನ್ನು ಹಿಡಿದಿರುವ ಗಾಜಿನಂಥ ಸಕ್ಕರೆಯ ಬಂಗಾರದ ಬಣ್ಣ ಕ್ಯಾರಮಲೈಸೇಶನ್. ಎರಡೂ ಅಂತ ಬಿಡಿಸಿ ಬರೆಯಲು ಜಾಗ ಇದ್ದರೆ ಚಿಕ್ಕಿ ಬಹಳ ಒಳ್ಳೆಯ ಉದಾಹರಣೆ.

ಹೆಸರು ನೋಡಿ ಮೋಸ ಹೋಗುವ ಇನ್ನೊಂದು ಜಾಗ ಕ್ಯಾರಮೆಲ್ ಟಾಫಿ. ಹಾಲು, ಬೆಣ್ಣೆ, ಸಕ್ಕರೆ ಸೇರಿಸಿ ಸುಮಾರು 120 ಡಿಗ್ರಿಯವರೆಗೆ ಕಾಯಿಸಿ ಅದನ್ನು ಮಾಡುತ್ತಾರೆ. ಕುಕ್ಕರಿನ ಮೊದಲ ಡಬ್ಬಿ ನೋಡಿದ ನಿಮಗೆ ಅದರ ಬಣ್ಣ ಯಾವುದರದ್ದು ಅಂತ ಈಗ ಹೇಳಬೇಕಾಗಿಲ್ಲ. ವೈವಾದಲ್ಲಿ ಇದನ್ನು ಕೇಳುವುದು ನನಗೆ ಇಷ್ಟವಾಗಿತ್ತು. ಅದಾದ ಮೇಲೆ ಕೋಲಾ ಬಾಟಲಿಯ ಲೇಬಲ್ ಓದಿಸುತ್ತಿದ್ದೆ. ಅಲ್ಲಿ ಬಣ್ಣದ ಜಾಗದಲ್ಲಿ `150d` ಅಂತ ಇರುತ್ತದೆ. ಹೆಸರು ಕ್ಯಾರಮೆಲ್ ಕಲರ್. ಆದರೆ ಅದನ್ನು ತಯಾರಿಸುವಾಗ ಸಕ್ಕರೆಯ ಜೊತೆ ಅಮೋನಿಯಂ ಮತ್ತು ಸಲ್ಫೈಟ್ ಸಂಯುಕ್ತಗಳನ್ನು ಹಾಕಿ ಕಾಯಿಸುತ್ತಾರೆ, ಹಾಗಾಗಿ ಅದರ ಕಂದು ಅಣುಗಳಲ್ಲಿ ನೈಟ್ರೋಜನ್ ಇದೆ. ಅಮೋನಿಯವನ್ನೂ ಸಲ್ಫೈಟನ್ನೂ ಹಾಕದೆ ಬರೀ ಸಕ್ಕರೆ ಕಾಯಿಸಿ ಮಾಡಿದ ಕ್ಯಾರಮೆಲ್ ಬಣ್ಣಕ್ಕೆ `150a` ಅಂತ ಬೇರೆಯೇ ಸಂಖ್ಯೆ ಕೊಟ್ಟಿದ್ದಾರೆ.